ಯುಗಾದಿ ಅಮಾವಾಸ್ಯೆಯ ಲೆಕ್ಕ: ಪ್ರೋಗ್ರೆಸ್ಡ್ ಚಂದ್ರನ ಒಂದು ಪ್ರಕರಣ

ಈ ಪ್ರಕರಣ ಬರೆಯಲು ಆ ಹೆಣ್ಣುಮಗಳ ಒಪ್ಪಿಗೆ ಇದೆ. ಊರಿನ ಹೆಸರು ಹೇಳುವುದಿಲ್ಲ, ಮನೆಯ ವಿವರ ಕೆಲವನ್ನು ಬದಲಿಸಿದ್ದೇನೆ. ಜನ್ಮ ದಿನ ಮತ್ತು ಲೆಕ್ಕ ಮಾತ್ರ ಇದ್ದ ಹಾಗೇ ಇವೆ. ಹುಟ್ಟಿದ ಮೇಲಿನ ಒಂದು ದಿನವನ್ನು ಬದುಕಿನ ಒಂದು ವರ್ಷ ಎಂದು ಎಣಿಸುವ ಈ ಜ್ಯೋತಿಷ್ಯ ಪದ್ಧತಿಯಲ್ಲಿ ಒಂದು ದಿನ ತಪ್ಪಿದರೆ ಒಂದು ವರ್ಷವೇ ತಪ್ಪುತ್ತದೆ. ಹಾಗಾಗಿ ದಿನ ಬದಲಿಸಿ ಬರೆದರೆ ಓದುವವರಿಗೆ ಕಲಿಯಲು ಏನೂ ಉಳಿಯುವುದಿಲ್ಲ.

ಬಂದದ್ದು ಯಾಕೆ

2012ರ ಅಕ್ಟೋಬರ್‌ನಲ್ಲಿ ಅವರು ನನ್ನ ಹತ್ತಿರ ಬಂದರು. ಉತ್ತರ ಕರ್ನಾಟಕದವರು. ಆಗ ವಯಸ್ಸು 32. ಬಾಡಿಗೆ ಹಾಲ್ ಒಂದರಲ್ಲಿ ಏಳು ಹೊಲಿಗೆ ಮಷಿನ್ ಇಟ್ಟುಕೊಂಡು ನಾದಿನಿಯ ಜೊತೆ ಶಾಲೆಯ ಯೂನಿಫಾರ್ಮ್ ಹೊಲಿಸುತ್ತಿದ್ದರು. ಆ ಜೂನ್‌ನಲ್ಲಿ ಅಲ್ಲಿಯವರೆಗೆ ಸಿಗದಷ್ಟು ದೊಡ್ಡ ಆರ್ಡರ್ ಸಿಕ್ಕಿತ್ತು. ಜುಲೈನಲ್ಲಿ ಎಲ್ಲರೂ ಬೆನ್ನು ತಟ್ಟಿದ್ದರು. ಈಗ ಆರು ಲಕ್ಷ ಸಾಲ ತೆಗೆದು ದೊಡ್ಡ ಹಾಲ್ ಹಿಡಿದು ಇನ್ನೂ ಐದು ಮಷಿನ್ ಹಾಕಬೇಕೆಂಬ ಯೋಚನೆ ನಡೆದಿತ್ತು. ನಾದಿನಿಗೆ ಇದರಲ್ಲಿ ತುಂಬಾ ಉತ್ಸಾಹ.

ಇವರಿಗೆ ಮಾತ್ರ ಉತ್ಸಾಹ ಇರಲಿಲ್ಲ. "ಹೋದ ವರ್ಷ ಗಣಪತಿ ಹಬ್ಬ ಆದಾಗಿಂದ ಶಟರ್ ಎತ್ತಾಕ ಮನಸ್ಸ ಬರವಲ್ದರಿ ಸರ. ಕೆಲಸ ಚಲೋ ನಡದೈತಿ. ನನಗ ಏನಾಗೈತಿ ಅನ್ನೂದ ತಿಳೀವಲ್ದು" ಎಂದರು. ಈ ಮಾತನ್ನು ನಾನು ಕುಂಡಲಿ ಹಾಕುವ ಮೊದಲೇ ಪುಸ್ತಕದಲ್ಲಿ ಬರೆದುಕೊಂಡೆ. ಹೀಗೆ ಮೊದಲೇ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಲೆಕ್ಕ ನೋಡಿದ ಮೇಲೆ ಕೇಳಿದರೆ, ನಮಗೆ ಬೇಕಾದ ಉತ್ತರ ಬರುವ ಹಾಗೆ ನಾವೇ ಪ್ರಶ್ನೆ ತಿರುಗಿಸಿಬಿಡುತ್ತೇವೆ.

ಅವರ ಪ್ರಶ್ನೆ ಸರಳವಾಗಿತ್ತು. ಸಾಲ ತೆಗೆದು ಬೆಳೆಸಲೇ, ಇಲ್ಲಾ ಬಿಡಲೇ? ಬೇರೆ ಕಡೆ ಕೇಳಿದ್ದಾಗ ಸಾಡೇಸಾತಿ ನಡೆದಿದೆ, ಏಳೂವರೆ ವರ್ಷ ಸುಮ್ನೆ ಇರಿ ಎಂದು ಹೇಳಿದ್ದರಂತೆ. ಏಳೂವರೆ ವರ್ಷ ಸುಮ್ಮನಿರುವುದು ಹೊಟ್ಟೆಪಾಡಿನವರಿಗೆ ಆಗುವ ಮಾತಲ್ಲ.

ಮೊದಲ ತೊಡಕು: ಹುಟ್ಟಿದ ದಿನವೇ ಸರಿಯಿಲ್ಲ

ಅವರು ಕೊಟ್ಟದ್ದು ಜೂನ್ 1. ನಮ್ಮಲ್ಲಿ ಆ ಕಾಲದ ಅರ್ಧದಷ್ಟು ಮಕ್ಕಳು ಶಾಲೆಯ ದಾಖಲೆಯಲ್ಲಿ ಜೂನ್ 1ಕ್ಕೇ ಹುಟ್ಟಿದವರು, ಅಲ್ವಾ? ಆ ದಿನ ಇಟ್ಟುಕೊಂಡು ಮಾಡಿದ ಲೆಕ್ಕ ಅವರ ಬದುಕಿನ ಯಾವ ತಿರುವಿಗೂ ತಾಳೆ ಆಗಲಿಲ್ಲ. ಅವರ ತಾಯಿಯನ್ನು ಕರೆದುಕೊಂಡು ಬರಲು ಹೇಳಿದೆ.

ಆ ಅಜ್ಜಿಗೆ ತಾರೀಖು ಗೊತ್ತಿರಲಿಲ್ಲ. ಆದರೆ 1980ರ ಗ್ರಹಣ ಚೆನ್ನಾಗಿ ನೆನಪಿತ್ತು. ಫೆಬ್ರವರಿ 16ರ ಮಧ್ಯಾಹ್ನದ ಖಗ್ರಾಸ ಸೂರ್ಯಗ್ರಹಣ ಅದು. ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆ ಹಗಲಲ್ಲೇ ಕತ್ತಲಾಗಿತ್ತು. ಜನ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು. "ಗ್ರಹಣದ ದಿವಸ ಇಕಿಗೆ ಐದ ದಿನ ಆಗಿತ್ತಪಾ. ಬಾಣಂತಿ ಕ್ವಾಣ್ಯಾಗ ಕಿಡಕಿಗೆ ಕಂಬಳಿ ಕಟ್ಟಿದ್ದರು. ಹಾಲ ಹಿಂಡೂ ಹೊತ್ತಿನ್ಯಾಗ ಹುಟ್ಟಿದಾಕಿ" ಎಂದರು.

ಐದು ದಿನ ಎಂದರೆ ಎರಡು ಥರ ಎಣಿಸಬಹುದು. ಹುಟ್ಟಿದ ದಿನವನ್ನೂ ಸೇರಿಸಿದರೆ ಫೆಬ್ರವರಿ 12, ಬಿಟ್ಟರೆ 11. ಈ ಒಂದು ದಿನ ನಮಗೆ ಒಂದು ವರ್ಷ. ನಕ್ಷತ್ರಕ್ಕೆ ಶಾಂತಿ ಮಾಡಿಸಿದ್ದು ಅಜ್ಜಿಗೆ ನೆನಪಿತ್ತು. ಆದರೆ ಅದರಿಂದ ಪ್ರಯೋಜನ ಆಗಲಿಲ್ಲ. 11ರ ಬೆಳಗ್ಗೆ ಜ್ಯೇಷ್ಠಾ, 12ರ ಬೆಳಗ್ಗೆ ಮೂಲಾ, ಎರಡಕ್ಕೂ ಶಾಂತಿ ಮಾಡಿಸುತ್ತಾರೆ. ಕೊನೆಗೆ ವಾರ ಕೇಳಿದೆ. ಅಜ್ಜಿ ಬಸುರಿಯಾದಾಗಲೂ ಸೋಮವಾರದ ಉಪವಾಸ ಬಿಟ್ಟಿರಲಿಲ್ಲವಂತೆ. ಹೆರಿಗೆ ಆದದ್ದು ಉಪವಾಸದ ದಿನವೇ, ಅದಕ್ಕೆ ಅತ್ತೆ ಬೈದದ್ದೂ ನೆನಪಿತ್ತು. 1980ರ ಫೆಬ್ರವರಿ 11 ಸೋಮವಾರ.

ಹೊತ್ತು ಬೆಳಗಿನ ಆರರ ಆಸುಪಾಸು ಎಂದು ಇಟ್ಟುಕೊಂಡೆ. ಲಾಹಿರಿ ಅಯನಾಂಶದಲ್ಲಿ ಅವತ್ತು ಜ್ಯೇಷ್ಠಾ ಹಿಡಿದದ್ದು ಬೆಳಗಿನ ಜಾವ ನಾಲ್ಕರ ಹೊತ್ತಿಗೆ. ಹಾಗಾಗಿ ಶಾಂತಿಯ ಮಾತೂ ಕೂಡಿಬಂತು. ಆದರೂ ಒಂದು ಗಂಟೆ ಹಿಂದೆ ಮುಂದೆ ಆಗಿರಬಹುದು ಎನ್ನುವುದನ್ನು ಬಿಡಲಿಲ್ಲ. ಅದು ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ.

ಲೆಕ್ಕ ಮಾಡುವ ರೀತಿ

ಸೆಕೆಂಡರಿ ಪ್ರೋಗ್ರೆಷನ್ ಪಶ್ಚಿಮದ ಜ್ಯೋತಿಷ್ಯದ ಪದ್ಧತಿ. 17ನೇ ಶತಮಾನದ ಇಟಲಿಯ ಸನ್ಯಾಸಿ ಪ್ಲಾಸಿಡಸ್ ಹೆಸರಿನ ಜೊತೆ ಅದು ಬೆಸೆದುಕೊಂಡಿದೆ. ನಿಯಮ ಒಂದೇ: ಹುಟ್ಟಿದ ಮೇಲಿನ ಒಂದು ದಿನ, ಬದುಕಿನ ಒಂದು ವರ್ಷಕ್ಕೆ ಸಮ. 32ನೇ ವಯಸ್ಸಿನಲ್ಲಿ ಏನು ನಡೆದಿದೆ ಎಂದು ನೋಡಬೇಕಾದರೆ, ಹುಟ್ಟಿ 32 ದಿನ ಆದಾಗ ಆಕಾಶದಲ್ಲಿ ಗ್ರಹಗಳು ಎಲ್ಲಿದ್ದವು ಎಂದು ನೋಡುತ್ತಾರೆ. ಇದು ಗೋಚಾರ ಅಲ್ಲ. ಗೋಚಾರದ ಚಂದ್ರ ಇವತ್ತು ಆಕಾಶದಲ್ಲಿ ಇರುವ ಚಂದ್ರ. ಪ್ರೋಗ್ರೆಸ್ಡ್ ಚಂದ್ರ ಎಂದರೆ ಮಗು ತೊಟ್ಟಿಲಲ್ಲಿದ್ದಾಗ ನಡೆದ ಚಂದ್ರ.

ಈ ಪದ್ಧತಿಯಲ್ಲಿ ಸೂರ್ಯ ವರ್ಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಗುರು, ಶನಿ ಇದ್ದಲ್ಲೇ ಇದ್ದಂತೆ. ಚಂದ್ರ ಒಬ್ಬನೇ ಕಣ್ಣಿಗೆ ಕಾಣುವಷ್ಟು ನಡೆಯುವುದು. ಹಾಗಾಗಿಯೇ ಕಾಲ ಗುರುತಿಸಲು ಅವನನ್ನು ಗಡಿಯಾರದ ಮುಳ್ಳಿನಂತೆ ಬಳಸುತ್ತಾರೆ. ಚಂದ್ರ ರಾಶಿಚಕ್ರ ಸುತ್ತಲು 27 ವರ್ಷ ಚಿಲ್ಲರೆ ಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ 29 ವರ್ಷ ಚಿಲ್ಲರೆ. ಈ ಎರಡನೆಯ ಚಕ್ರವನ್ನು 45 ಡಿಗ್ರಿಗೊಂದರಂತೆ ಎಂಟು ಹಂತ ಮಾಡಿ ಓದುವ ಕ್ರಮವನ್ನು 20ನೇ ಶತಮಾನದಲ್ಲಿ ಡೇನ್ ರುಧ್ಯಾರ್ ಬೆಳೆಸಿದರು. ಕೊನೆಯ ಹಂತ, ಅಂದರೆ ಚಂದ್ರ ಸೂರ್ಯನಿಗಿಂತ 45 ಡಿಗ್ರಿ ಹಿಂದೆ ಇರುವಾಗಿನಿಂದ ಅಮಾವಾಸ್ಯೆಯವರೆಗಿನದು, ಬಾಲ್ಸಾಮಿಕ್ ಹಂತ. ಹಳೆಯದು ಕಳಚುವ ಕಾಲ, ಬೀಜ ಮಾತ್ರ ಉಳಿಯುವ ಕಾಲ ಎಂದು ಅದನ್ನು ಓದುತ್ತಾರೆ.

ಪಂಚಾಂಗ ನೋಡಿ ಬೆಳೆದ ನಮಗೆ ಇದು ಕಷ್ಟವಲ್ಲ. ಸೂರ್ಯ ಚಂದ್ರರ ನಡುವಿನ ಅಂತರವೇ ತಿಥಿ ತಾನೇ? ಪ್ರೋಗ್ರೆಷನ್‌ನಲ್ಲಿ ಒಂದು ತಿಥಿ ಹೆಚ್ಚುಕಡಿಮೆ ಒಂದು ವರ್ಷ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಅನುಕೂಲವೂ ಇದೆ. ರಾಶಿ ನೋಡಿದರೆ, ವಿಷುವದಿಂದ ಎಣಿಸುವ ಸಾಯನವೋ ನಕ್ಷತ್ರಗಳಿಂದ ಎಣಿಸುವ ನಿರಯನವೋ ಎಂಬ ಜಗಳ ಬರುತ್ತದೆ. ಇವರ ಪ್ರೋಗ್ರೆಸ್ಡ್ ಚಂದ್ರ ಮೀನಕ್ಕೆ ಬಂದದ್ದು ಸಾಯನದಲ್ಲಿ 2013ರ ಫೆಬ್ರವರಿ, ನಿರಯನದಲ್ಲಿ 2014ರ ಸೆಪ್ಟೆಂಬರ್. ಒಂದೂವರೆ ವರ್ಷದ ಅಂತರ! ಆದರೆ ಇವೆರಡರ ನಡುವಿನ ವ್ಯತ್ಯಾಸವಾದ ಅಯನಾಂಶ ತಿಥಿಗೆ ಬೇಕಿಲ್ಲ. ಸೂರ್ಯ ಚಂದ್ರ ಇಬ್ಬರಿಗೂ ಅಷ್ಟೇ ಕಳೆಯುವುದರಿಂದ ಅಂತರ ಬದಲಾಗುವುದಿಲ್ಲ. ಅದಕ್ಕೇ ಈ ಪ್ರಕರಣದಲ್ಲಿ ರಾಶಿ ಬದಲಾವಣೆಯನ್ನು ಪಕ್ಕಕ್ಕಿಟ್ಟು ತಿಥಿಯನ್ನೇ ಹಿಡಿದೆ.

ಭಾವಗಳನ್ನೂ ಬಿಟ್ಟೆ. ಹುಟ್ಟಿದ ಹೊತ್ತು ಒಂದು ಗಂಟೆ ತಪ್ಪಿದ್ದರೆ ಲಗ್ನ ಅರ್ಧ ರಾಶಿಯಷ್ಟು ಸರಿಯುತ್ತದೆ, ಚಂದ್ರ ಯಾವ ಭಾವಕ್ಕೆ ಯಾವಾಗ ಬಂದ ಎಂಬುದು ಒಂದು ವರ್ಷ ಆಚೀಚೆ ಆಗಬಹುದು. ತಿಥಿ ಮಾತ್ರ ಅಷ್ಟು ಕೆಡುವುದಿಲ್ಲ. ಒಂದು ದಿನಕ್ಕೆ ಒಂದು ವರ್ಷವಾದರೆ ಒಂದು ಗಂಟೆಗೆ 15 ದಿನ. ಹೊತ್ತು ಒಂದು ಗಂಟೆ ತಪ್ಪಿದರೂ ನಮ್ಮ ಉತ್ತರ ಅರ್ಧ ತಿಂಗಳು ಮಾತ್ರ ಜರುಗುತ್ತದೆ. ಅಜ್ಜಿಯ "ಹಾಲ ಹಿಂಡೂ ಹೊತ್ತು" ಇದಕ್ಕೆ ಸಾಕು.

ನಾನು ಮಾಡಿದ ತಪ್ಪು

ಮೊದಲ ದಿನ ಅವಸರ ಮಾಡಿದೆ. 2012ರ ಅಕ್ಟೋಬರ್‌ಗೆ ಪ್ರೋಗ್ರೆಸ್ಡ್ ಚಂದ್ರ ಪ್ರೋಗ್ರೆಸ್ಡ್ ಸೂರ್ಯನಿಗಿಂತ 29 ಡಿಗ್ರಿ ಹಿಂದೆ ಇದ್ದ. ಪ್ರೋಗ್ರೆಸ್ಡ್ ಚಂದ್ರ ತಿಂಗಳಿಗೆ ಒಂದು ಡಿಗ್ರಿ ನಡೆಯುತ್ತಾನೆ ಎಂದು ಎಲ್ಲರೂ ಬಾಯಲ್ಲಿ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 12, ಸೂರ್ಯನ ಒಂದು ಡಿಗ್ರಿ ಕಳೆದರೆ 11. ಆ ವೇಗದಲ್ಲಿ 29 ಡಿಗ್ರಿ ಮುಗಿಯಲು ಎರಡು ವರ್ಷ ಎಂಟು ತಿಂಗಳು. ಹೊಸದಕ್ಕೆ 2015ರ ಜೂನ್ ಎಂದು ಹೇಳಿ ಕಳಿಸಿದೆ.

ರಾತ್ರಿ ಹಳೆಯ ಪಂಚಾಂಗ ತೆಗೆದು ನೋಡಿದಾಗ ಮುಖ ಸಣ್ಣದಾಯಿತು. ಅವರು ಹುಟ್ಟಿದ ಮೇಲಿನ ಎರಡನೆಯ ಅಮಾವಾಸ್ಯೆ 1980ರ ಯುಗಾದಿ ಅಮಾವಾಸ್ಯೆ. ಅದು ಮುಗಿದದ್ದು ಮಾರ್ಚ್ 16ರ ರಾತ್ರಿ ಕಳೆದು 12 ಗಂಟೆ 26 ನಿಮಿಷಕ್ಕೆ. ಬೆಳಗಾದರೆ ರೌದ್ರಿ ಸಂವತ್ಸರದ ಯುಗಾದಿ. ಫೆಬ್ರವರಿ 11ರ ಬೆಳಗ್ಗೆ ಆರರಿಂದ ಅಲ್ಲಿಗೆ 34 ದಿನ, 18 ಗಂಟೆ, 26 ನಿಮಿಷ. 34 ದಿನಕ್ಕೆ 34 ವರ್ಷ. ಉಳಿದ ಹದಿನೆಂಟೂವರೆ ಗಂಟೆಯನ್ನು ಗಂಟೆಗೆ 15.2 ದಿನದಂತೆ ಗುಣಿಸಿದರೆ 280 ದಿನ. 2014ರ ಫೆಬ್ರವರಿ 11ಕ್ಕೆ 280 ದಿನ ಕೂಡಿಸಿದರೆ 2014ರ ನವೆಂಬರ್ 18. ನಾನು ಹೇಳಿದ್ದಕ್ಕೂ ಇದಕ್ಕೂ ಏಳು ತಿಂಗಳ ಫರಕು.

ಯಾಕೆ ಇಷ್ಟು? ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ದಿನಕ್ಕೆ ಸುಮಾರು 12 ಡಿಗ್ರಿಯಿಂದ 15 ಡಿಗ್ರಿಯವರೆಗೆ ಬದಲಾಗುತ್ತದೆ. ಭೂಮಿಗೆ ಹತ್ತಿರ ಬಂದಾಗ ಜೋರು, ದೂರ ಹೋದಾಗ ನಿಧಾನ. ಫೆಬ್ರವರಿಯ ಗ್ರಹಣ ಖಗ್ರಾಸ ಆದದ್ದೂ ಚಂದ್ರ ಹತ್ತಿರ ಇದ್ದುದರಿಂದಲೇ. ಮುಂದಿನ ತಿಂಗಳ ಅಮಾವಾಸ್ಯೆಗೂ ಅವನು ಹತ್ತಿರವೇ ಇದ್ದ, ದಿನಕ್ಕೆ 15 ಡಿಗ್ರಿ ಓಡುತ್ತಿದ್ದ. ಹಾಗಾಗಿ ಇವರ ಮೂವತ್ತರ ದಶಕದಲ್ಲಿ ಪ್ರೋಗ್ರೆಸ್ಡ್ ಚಂದ್ರನಿಗೆ ಒಂದು ರಾಶಿ ದಾಟಲು ಎರಡೂವರೆ ವರ್ಷ ಬೇಕಿರಲಿಲ್ಲ, ಎರಡೇ ವರ್ಷ ಸಾಕಾಗಿತ್ತು. ಒಂದು ಡಿಗ್ರಿಯ ಬಾಯಿಲೆಕ್ಕ ಎಷ್ಟು ದೂರ ತಪ್ಪುತ್ತದೆ ಎಂದು ತಿಳಿಯಲು ಹಿಂದಿನ ದಿನದ ಮತ್ತು ಮರುದಿನದ ಚಂದ್ರಸ್ಫುಟ, ಅಂದರೆ ಚಂದ್ರ ಇದ್ದ ಡಿಗ್ರಿ, ತೆಗೆದು ಕಳೆದು ನೋಡಿದರೆ ಸಾಕು. ನಾನು ಅದನ್ನು ಮಾಡಿರಲಿಲ್ಲ. ಮರುದಿನ ಫೋನ್ ಮಾಡಿ ತಪ್ಪು ಒಪ್ಪಿಕೊಂಡು ತಾರೀಖು ತಿದ್ದಿದೆ.

ಇದೇ ಲೆಕ್ಕದಲ್ಲಿ ಬಾಲ್ಸಾಮಿಕ್ ಹಂತ ಶುರುವಾದದ್ದು 2011ರ ಆಗಸ್ಟ್ ಕೊನೆಗೆ. ಆ ವರ್ಷ ಗಣಪತಿ ಹಬ್ಬ ಸೆಪ್ಟೆಂಬರ್ 1ಕ್ಕೆ. ಪುಸ್ತಕದಲ್ಲಿ ಬರೆದುಕೊಂಡಿದ್ದ ಅವರ ಮಾತನ್ನು ಮತ್ತೆ ತೆರೆದು ಓದಿದೆ. ಮೈ ಜುಮ್ಮೆಂದಿತು.

ಹಳೆಯದಕ್ಕೆ ತಾಳೆ ನೋಡಿದ್ದು

ಒಂದು ಹೊಂದಾಣಿಕೆ ನೋಡಿ ಹಿಗ್ಗಬಾರದು. ಹಿಂದಿನ ಮೂರು ತಾರೀಖು ತೆಗೆದು, ಅವು ಏನು ಎಂದು ಹೇಳದೆ, ಆ ಹೊತ್ತಿನಲ್ಲಿ ಏನಾಯಿತು ಎಂದು ಮಾತ್ರ ಕೇಳಿದೆ.

ಮೊದಲನೆಯದು ಗ್ರಹಣದ ಅಮಾವಾಸ್ಯೆಯೇ. ಹುಟ್ಟಿ ಐದು ದಿನ ಎಂಟು ಗಂಟೆಗೆ ಆಯಿತು, ಅಂದರೆ 1985ರ ಜೂನ್. ಅವರನ್ನು ಅವರ ಅಜ್ಜಿಯ ಊರಿಗೆ ಕಳಿಸಿ ಶಾಲೆಗೆ ಹಾಕಿದ್ದು ಆಗಲೇ. ಚೆನ್ನಾಗಿ ಕೂಡುತ್ತದೆ, ಆದರೆ ಐದು ವರ್ಷಕ್ಕೆ ಜೂನ್‌ನಲ್ಲಿ ಶಾಲೆಗೆ ಹೋಗದ ಮಗು ಯಾವುದು? ಇದನ್ನು ಅರ್ಧ ಅಂಕ ಎಂದು ಇಟ್ಟುಕೊಂಡೆ. ಎರಡನೆಯದು ಹುಣ್ಣಿಮೆ, 1999ರ ಡಿಸೆಂಬರ್. ಏನೂ ನೆನಪಿಲ್ಲ ಎಂದರು. ಮದುವೆ ಆದದ್ದು 2001ರಲ್ಲಿ. ಇದು ಕೂಡಲಿಲ್ಲ, ನಾನೂ ಎಳೆದು ಕೂಡಿಸಲು ಹೋಗಲಿಲ್ಲ. ಮೂರನೆಯದು ಪ್ರೋಗ್ರೆಸ್ಡ್ ಚಂದ್ರ ಜನ್ಮಚಂದ್ರನ ಜಾಗಕ್ಕೆ ತಿರುಗಿ ಬಂದ ಕಾಲ, 2007ರ ಜೂನ್. ಆ ತಿಂಗಳಲ್ಲೇ ಕಂತಿನ ಮೇಲೆ ಮೊದಲ ಮೋಟಾರ್ ಮಷಿನ್ ತಂದು ಮನೆಯ ಪಡಸಾಲೆಯಲ್ಲಿ ಇಟ್ಟಿದ್ದರು. ಈ ಕೆಲಸದ ಬೇರು ಅದೇ.

ಎರಡು ಸೂಚನೆಗಳ ಜಗಳ

ಇಷ್ಟಾದರೂ ತೀರ್ಮಾನ ಸುಲಭವಾಗಿರಲಿಲ್ಲ. 2012ರ ಜುಲೈನಲ್ಲಿ ಪ್ರೋಗ್ರೆಸ್ಡ್ ಚಂದ್ರ ಇವರ ಜನ್ಮಸೂರ್ಯನ ಮೇಲೆ ಹಾದುಹೋಗಿದ್ದ. ಸಾಮಾನ್ಯವಾಗಿ ಇದನ್ನು ಬೆಳಕಿಗೆ ಬರುವ, ಹೊಗಳಿಕೆ ಸಿಗುವ ಕಾಲ ಎನ್ನುತ್ತಾರೆ. ದೊಡ್ಡ ಆರ್ಡರ್ ಮುಗಿಸಿ ಹೆಸರು ಬಂದದ್ದು ಸರಿಯಾಗಿ ಆಗಲೇ. ಸಾಲ ತೆಗೆಯುವ ಆಸೆ ಹುಟ್ಟಿದ್ದೂ ಆಗಲೇ. ಇದೊಂದನ್ನೇ ನೋಡುವವರು ಮುಂದೆ ಹೋಗಿ ಎಂದುಬಿಡುತ್ತಾರೆ.

ನಾನು ಇದನ್ನು ಹೀಗೆ ತೂಗಿದೆ. ಒಂದು ಬಿಂದುವಿನ ಮೇಲೆ ಚಂದ್ರ ಹಾದುಹೋಗುವುದು, ಹಿಂದೆ ಒಂದು ಡಿಗ್ರಿ ಮುಂದೆ ಒಂದು ಡಿಗ್ರಿ ಎಂದುಕೊಂಡರೂ, ಈ ವೇಗಕ್ಕೆ 50 ದಿನ. ಬಾಲ್ಸಾಮಿಕ್ ಹಂತ ಮೂರು ವರ್ಷಕ್ಕೂ ಜಾಸ್ತಿ. ಚಿಕ್ಕದು ದೊಡ್ಡದರ ಒಳಗೆ ನಡೆಯುವ ಸಂಗತಿ. ಎಣ್ಣೆ ತೀರುವ ದೀಪ ಒಮ್ಮೆ ಜೋರಾಗಿ ಉರಿದ ಹಾಗೆ ಆ ಜುಲೈ ಎಂದು ಓದಿದೆ. ಅವರಿಗೂ ಇದೇ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದರಿ, ಆ ಜುಲೈದಾಗ ನನಗ ಖುಷಿ ಆಗಲಿಲ್ಲ, ಮುಗೀತು ಅನಿಸಿತು" ಎಂದರು.

ಹಾಗಂತ ಕುಂಡಲಿ ನೋಡಿ ವ್ಯಾಪಾರ ಮುಚ್ಚಿ ಎಂದು ಹೇಳುವವನು ನಾನಲ್ಲ. ಲೆಕ್ಕ ಬಲ್ಲ ಸಂಬಂಧಿಕರೊಬ್ಬರಿಂದ ಖರ್ಚು ವೆಚ್ಚ ತೆಗೆಸಲು ಹೇಳಿದೆ. ಬಟ್ಟೆ, ದಾರ, ಕಾಜಾ ಗುಂಡಿ, ಓವರ್‌ಲಾಕ್, ಹೆಂಗಸರ ಕೂಲಿ, ಬಾಡಿಗೆ ಎಲ್ಲ ಕಳೆದರೆ ಒಂದು ಜೊತೆಗೆ ಉಳಿಯುತ್ತಿದ್ದದ್ದು 11 ರೂಪಾಯಿ. ಅದರಲ್ಲಿ ಅವರ ಸ್ವಂತ ದುಡಿಮೆಯ ಕೂಲಿ ಸೇರಿರಲಿಲ್ಲ. ಹಳೆಯ ಬಾಕಿಯೂ ಬರಬೇಕಿತ್ತು. ಸಾಲ ಬೇಡ ಎಂಬ ತೀರ್ಮಾನಕ್ಕೆ ಇದೇ ಕಾಗದ ಕಾರಣ. ಪ್ರೋಗ್ರೆಷನ್‌ನಿಂದ ಬಂದದ್ದು ಯಾವಾಗ, ಎಷ್ಟು ನಿಧಾನವಾಗಿ ಎಂಬ ಮಾತು.

ಹೀಗೆ ಮಾಡಿದರು: 2013ರ ಜೂನ್ ಆರ್ಡರ್ ಒಪ್ಪಿಕೊಂಡು ಚೊಕ್ಕವಾಗಿ ಮುಗಿಸಿದರು. ಹೊಸ ಶಾಲೆ ಹಿಡಿಯಲಿಲ್ಲ. ಹಾಲ್‌ನ ಕರಾರು ಮುಗಿದಾಗ ಮುಂದುವರಿಸಲಿಲ್ಲ. ಏಳು ಮಷಿನ್‌ನಲ್ಲಿ ಮೂರು ನಾದಿನಿಗೆ, ಎರಡು ಮಾರಾಟಕ್ಕೆ, ಎರಡು ಮನೆಗೆ. ನಾದಿನಿಗೆ ಬೇಸರವಾಯಿತು. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಬೇರೆ ಕಡೆ ತಾವೇ ಶುರು ಮಾಡಿದರು, ಇವತ್ತಿಗೂ ಯೂನಿಫಾರ್ಮ್ ಹೊಲಿಸುತ್ತಾರೆ, ಚೆನ್ನಾಗಿದ್ದಾರೆ. ಇದನ್ನು ಒತ್ತಿ ಹೇಳುತ್ತೇನೆ. ಅದೇ ಕೆಲಸ, ಅದೇ ಊರು, ಅದೇ ವರ್ಷ. ಕಾಲ ಕೆಟ್ಟದ್ದು ಎಂದು ಹೇಳಲು ಬರುವುದಿಲ್ಲ. ಇವರಿಗೆ ಆ ಕೆಲಸ ಮುಗಿದಿತ್ತು, ಅಷ್ಟೇ.

ಖಾಲಿ ವರ್ಷ

2014ರ ಜನವರಿಯಿಂದ ನವೆಂಬರ್‌ವರೆಗೆ ಇವರಿಗೆ ಪ್ರೋಗ್ರೆಸ್ಡ್ ಅಮಾವಾಸ್ಯೆ ತಿಥಿ. ಚಂದ್ರ ಕಾಣದ ದಿನ ಹತ್ತು ತಿಂಗಳು ಉದ್ದ. ಈ ಭಾಗವೇ ಅತ್ಯಂತ ಕಷ್ಟದ್ದಾಗಿತ್ತು, ನಾನು ಎಡವಿದ್ದೂ ಇಲ್ಲೇ.

ಏಪ್ರಿಲ್‌ನಲ್ಲಿ ಬಂದು ಚೀಟಿ ದುಡ್ಡಿನಲ್ಲಿ ಸೀರೆ ವ್ಯಾಪಾರ ಮಾಡಲೇ ಎಂದು ಕೇಳಿದರು. ಹೊಸದು ಬೇಡ, ನವೆಂಬರ್‌ವರೆಗೆ ತಡೆಯಿರಿ ಎಂದೆ. ತಡೆದರು. ಆದರೆ ಜೂನ್‌ನಲ್ಲಿ ಮಕ್ಕಳ ಫೀಸಿಗೆ ಬಳೆ ಅಡವಿಟ್ಟರು. ಆ ಸಂಗತಿ ನನಗೆ ಗೊತ್ತಾದದ್ದು ತಿಂಗಳುಗಳ ನಂತರ. ಬಾಲ್ಸಾಮಿಕ್ ಹಂತದಲ್ಲಿ ಮುಂದಿನ ಇಪ್ಪತ್ತು ವರ್ಷದ ಅಡಿಪಾಯ ಹಾಕಬೇಡಿ ಎನ್ನುವುದು ಒಂದು ಮಾತು. ಇವತ್ತಿನ ಊಟಕ್ಕೆ ದುಡಿಯಬೇಡಿ ಎನ್ನುವುದು ಬೇರೆ ಮಾತು. ನಾನು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೆ. ನಾಲ್ಕು ಸೀರೆ ತಂದು ಮಾರಿದ್ದರೆ ಯಾವ ಚಂದ್ರನೂ ಅಡ್ಡ ಬರುತ್ತಿರಲಿಲ್ಲ. ಈಗ ಇಂಥ ಹಂತದಲ್ಲಿ ಇರುವವರು ಬಂದರೆ ನಾನು ಮೊದಲು ಕೇಳುವುದು ತಿಂಗಳ ಖರ್ಚಿಗೆ ಏನು ಮಾಡುತ್ತೀರಿ ಎಂದು.

ಆ ತಿಂಗಳುಗಳಲ್ಲಿ ಅವರ ಒಳಗೆ ಏನು ನಡೆಯಿತು ಎಂಬುದಕ್ಕೆ ಒಂದೇ ಚಿತ್ರ ಸಾಕು. ಮಧ್ಯಾಹ್ನ ಹಳೆಯ ಬಿಸ್ಕತ್ತಿನ ಡಬ್ಬಿ ಸುರುವಿಕೊಂಡು ಹುಕ್ಕು, ಗುಂಡಿ, ಬಾಬಿನ್ ಬೇರೆ ಬೇರೆ ಮಾಡುತ್ತಾ ಕೂರುತ್ತಿದ್ದರಂತೆ. ಮುಗಿದ ಮೇಲೆ ಮತ್ತೆ ಒಂದರಲ್ಲೇ ತುಂಬಿ, ಮರುದಿನ ಮತ್ತೆ ಬೇರೆ ಮಾಡುವುದು. ಅಳು ಬರುತ್ತಿರಲಿಲ್ಲ, ಖುಷಿಯೂ ಇರಲಿಲ್ಲ. "ಯಾರದೋ ಮನಿ ಕಾಯಾಕತ್ತೇನಿ ಅನಸ್ತಿತ್ತರಿ" ಎಂದರು. ನಿದ್ದೆ, ಊಟ ಸರಿಯಿತ್ತು. ಅದನ್ನು ನಾನು ಪ್ರತಿ ಸಲ ಕೇಳುತ್ತಿದ್ದೆ. ಅವು ಕೆಟ್ಟಿದ್ದರೆ ಇದು ಹಂತ ಎಂದು ಸಮಾಧಾನ ಹೇಳದೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ನವೆಂಬರ್ 18

ಏನೂ ಆಗಲಿಲ್ಲ. ಡಿಸೆಂಬರ್ ಮೊದಲ ವಾರ ಫೋನ್ ಮಾಡಿ, ಧ್ವನಿಯಲ್ಲಿ ಸಿಟ್ಟು ಇಟ್ಟುಕೊಂಡೇ, "ಏನೂ ಆಗಲಿಲ್ಲಲ್ರಿ ಸರ" ಎಂದರು. ಅವರು ಸಿಟ್ಟಾದದ್ದು ಸರಿ. ತಾರೀಖು ಹೇಳುವಾಗ ನಾನು ಒಂದು ವಿಷಯ ಸರಿಯಾಗಿ ತಿಳಿಸಿರಲಿಲ್ಲ: ಅಮಾವಾಸ್ಯೆ ಮುಗಿದ ಕ್ಷಣ ಚಂದ್ರ ಕಾಣುವುದಿಲ್ಲ. ಬಿದಿಗೆ, ತದಿಗೆಗೆ ಸಣ್ಣ ಗೆರೆ ಕಾಣುತ್ತದೆ. ಪ್ರೋಗ್ರೆಷನ್‌ನಲ್ಲಿ ಅದಕ್ಕೆ ಒಂದೆರಡು ವರ್ಷ.

ಸಂಕ್ರಾಂತಿಯ ಹೊತ್ತಿಗೆ, 2015ರ ಜನವರಿಯಲ್ಲಿ, ಪಕ್ಕದ ಮನೆಯ ಹುಡುಗಿ ಬ್ಲೌಸ್ ಕಟಿಂಗ್ ಹೇಳಿಕೊಡಿ ಎಂದು ಬಂದಳು. ಬಟ್ಟೆ ಹಾಳಾಗಬಾರದೆಂದು ಇವರು ಹಳೆಯ ನ್ಯೂಸ್‌ಪೇಪರ್ ಮೇಲೆ ಚಾಕ್‌ನಿಂದ ಗೆರೆ ಎಳೆದು, ತೋಳಿನ ಸುತ್ತಳತೆ, ಕಂಕುಳ ತಿರುವು ತೋರಿಸಿ ಕತ್ತರಿಸಲು ಕೊಟ್ಟರು. ವಾರ ಕಳೆಯುವಷ್ಟರಲ್ಲಿ ನಾಲ್ಕು ಹುಡುಗಿಯರಾದರು. ಇದನ್ನು ಅವರು ನನಗೆ ಹೇಳಲೇ ಇಲ್ಲ. ಹೇಳುವಂಥದ್ದು ಅನಿಸಿರಲಿಲ್ಲ. ನನಗೆ ಗೊತ್ತಾದದ್ದು 2016ರಲ್ಲಿ, ಬೇರೆ ಏನೋ ಮಾತಿನ ನಡುವೆ.

ಚಂದ್ರ ಸೂರ್ಯನಿಂದ 45 ಡಿಗ್ರಿ ಮುಂದೆ ಬಂದದ್ದು 2018ರ ಮೊದಲಲ್ಲಿ. ಆ ಫೆಬ್ರವರಿಗೆ ಅವರು ಒಂದು ಕೋಣೆ ಬಾಡಿಗೆಗೆ ಹಿಡಿದು ಹೊಲಿಗೆ ತರಬೇತಿಯ ಬೋರ್ಡ್ ಹಾಕಿದರು. ಆಗ ಮೂವತ್ತು ಹುಡುಗಿಯರು ಕಲಿಯುತ್ತಿದ್ದರು. ಆ ದಿನ ನನ್ನನ್ನು ಕರೆದಿದ್ದರು. ಗೋಡೆಗೆ ನ್ಯೂಸ್‌ಪೇಪರ್‌ನ ಬ್ಲೌಸ್ ತುಂಡುಗಳನ್ನು ಸೂಜಿಯಿಂದ ಚುಚ್ಚಿದ್ದರು.

ಸಾಡೇಸಾತಿಯ ಪ್ರಶ್ನೆ

ಇದೆಲ್ಲ ಸಾಡೇಸಾತಿಯೇ ಅಲ್ವಾ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇವರದು ವೃಶ್ಚಿಕ ರಾಶಿ. ಅದರ ಹಿಂದಿನ ರಾಶಿಯಾದ ತುಲೆಗೆ ಶನಿ ಬಂದಾಗ ಸಾಡೇಸಾತಿ ಶುರು, ಅದು 2011ರ ನವೆಂಬರ್. ಮನಸ್ಸು ಇಳಿದ ಕಾಲಕ್ಕೆ ಅದೂ ಹತ್ತಿರ. ಅಲ್ಲಿಯವರೆಗೆ ಎರಡೂ ಒಂದೇ ಮಾತು ಹೇಳುತ್ತವೆ, ಯಾವುದರಿಂದ ಏನು ಎಂದು ಬೇರೆ ಮಾಡಲಾಗುವುದಿಲ್ಲ.

ಎರಡೂ ಬೇರೆಯಾಗುವುದು 2014ರ ನವೆಂಬರ್‌ನಲ್ಲಿ. ಆ ತಿಂಗಳ 2ಕ್ಕೆ ಶನಿ ವೃಶ್ಚಿಕಕ್ಕೆ ಬಂದ. ಜನ್ಮಶನಿ, ಹೆಚ್ಚಿನವರು ಅತಿ ಭಾರ ಎನ್ನುವ ಕಾಲ. ಅದೇ ತಿಂಗಳು ಪ್ರೋಗ್ರೆಸ್ಡ್ ಅಮಾವಾಸ್ಯೆ ಮುಗಿದು ಹೊಸ ಚಕ್ರ ಶುರು. ಒಂದು ತಡೆಯಿರಿ ಎನ್ನುತ್ತದೆ, ಇನ್ನೊಂದು ಬೀಜ ಬಿತ್ತಿರಿ ಎನ್ನುತ್ತದೆ. ನಡೆದದ್ದು ನೋಡಿದರೆ ಬೀಜ ಬಿತ್ತು, ಆದರೆ ದುಡ್ಡಿಲ್ಲದೆ, ಹೆಸರಿಲ್ಲದೆ, ಮೂರು ವರ್ಷ ನಿಧಾನವಾಗಿ. ಶನಿಯ ಕೈ ಅದರಲ್ಲಿ ಕಾಣುವುದಿಲ್ಲ ಎಂದು ನಾನು ಹೇಳಲಾರೆ.

ಈ ಒಂದು ಪ್ರಕರಣದಿಂದ ಪದ್ಧತಿ ಸಾಬೀತಾಗುವುದಿಲ್ಲ. ತಾರೀಖು ನಾನು ಮೊದಲೇ ಹೇಳಿದ್ದೆ, ಅವರು ಅದರಂತೆ ನಡೆದರು. ಮುಚ್ಚಿದ ಕಾಲ ಹೊಂದಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಕಣ್ಣಿಗೆ ತೂಕ ಇರುವುದು ಎರಡಕ್ಕೆ ಮಾತ್ರ: ಲೆಕ್ಕಕ್ಕೆ ಮೊದಲೇ ಬರೆದಿಟ್ಟ ಗಣಪತಿ ಹಬ್ಬದ ಮಾತು, ಮತ್ತು ಯಾರೂ ಕಾಯದೆ, ಯಾರಿಗೂ ಹೇಳದೆ ಶುರುವಾದ ಪೇಪರ್ ಕಟಿಂಗ್. 1999ರ ಹುಣ್ಣಿಮೆ ಖಾಲಿ ಹೋದದ್ದನ್ನೂ ಅದೇ ಪುಟದಲ್ಲಿ ಬರೆದಿಟ್ಟಿದ್ದೇನೆ.

ಅವರ ಮುಂದಿನ ಹುಣ್ಣಿಮೆ 1980ರ ಮಾರ್ಚ್ 31ರ ರಾತ್ರಿ 8 ಗಂಟೆ 44 ನಿಮಿಷದ್ದು. ಹುಟ್ಟಿದ 49 ದಿನ, ಹದಿನಾಲ್ಕೂಮುಕ್ಕಾಲು ಗಂಟೆಗೆ. ಅಂದರೆ 2029ರ ಸೆಪ್ಟೆಂಬರ್ ಕೊನೆ, ಅರ್ಧ ತಿಂಗಳ ಆಚೀಚೆ. ಈ ಸಲ ತಾರೀಖು ಹೇಳಿದ್ದೇನೆ, ಏನಾಗಬಹುದು ಎಂದು ಹೇಳಿಲ್ಲ. 2028ರ ಯುಗಾದಿಯಿಂದ ತಿಂಗಳಿಗೆ ನಾಲ್ಕು ಸಾಲು ಬರೆದಿಡಲು ಕೇಳಿಕೊಂಡಿದ್ದೇನೆ. ಯೂನಿಫಾರ್ಮ್ ಲೆಕ್ಕದ ಹಳೆಯ ಪುಸ್ತಕದಲ್ಲಿ ಹಾಳೆ ಇನ್ನೂ ಉಳಿದಿವೆಯಂತೆ, ಅದರಲ್ಲೇ ಬರೆಯುತ್ತಾರಂತೆ.